ಸಂಬಂಧ ಶುರುವಾಗಿ ಮೂರೇ ತಿಂಗಳು, ಬರ್ತ್‌ಡೇ ಗಿಫ್ಟ್‌ಗೆ ಎಷ್ಟು ಖರ್ಚು ಮಾಡ್ಬೇಕು?

ಪ್ರಶ್ನೆ: ಮೇಡಂ, ನಂಗೆ 27 ವಯಸ್ಸು, ಬೆಂಗಳೂರಲ್ಲಿ ಕೆಲಸ, ಕೈಗೆ 58 ಸಾವಿರ ಬರತ್ತೆ. ಮೂರು ತಿಂಗಳಿಂದ ಒಬ್ಬ ಹುಡುಗಿ ಜೊತೆ ಓಡಾಡ್ತಿದೀನಿ. ಅವಳು ಪ್ರೈವೇಟ್ ಸ್ಕೂಲಲ್ಲಿ ಟೀಚರ್, 24 ಸಾವಿರ ಸಂಬಳ, ಅಪ್ಪ ಅಮ್ಮನ ಜೊತೆ ಇರ್ತಾಳೆ. ವಾರಕ್ಕೊಂದ್ಸಲ ಸಿಗ್ತೀವಿ, ಬಿಲ್ ಒಂದ್ಸಲ ನಾನು ಕೊಟ್ರೆ ಇನ್ನೊಂದ್ಸಲ ಅವಳು, ಹೆಚ್ಚುಕಮ್ಮಿ 700-800 ಆಗತ್ತೆ. ನನ್ನ ಬರ್ತ್‌ಡೇಗೆ ಒಂದು ಪುಸ್ತಕ ಮತ್ತೆ ಅವಳೇ ವಾಟರ್‌ಕಲರಲ್ಲಿ ಪೇಂಟ್ ಮಾಡಿದ ಬುಕ್‌ಮಾರ್ಕ್ ಕೊಟ್ಟಿದ್ಳು. ಮುಂದಿನ ತಿಂಗಳು ಅವಳ ಬರ್ತ್‌ಡೇ. ಒಬ್ಬ ಫ್ರೆಂಡು 9,000ದ ಸ್ಮಾರ್ಟ್‌ವಾಚ್ ಕೊಡು ಅಂತಾನೆ, ಇನ್ನೊಬ್ಬ ಚಾಕ್ಲೇಟ್ ಸಾಕು ಅಂತಾನೆ. ಜಾಸ್ತಿ ಆದ್ರೆ ಗಾಬರಿಯಾಗ್ತಾಳೆ, ಕಮ್ಮಿ ಆದ್ರೆ ಜಿಪುಣ ಅಂದ್ಕೋತಾಳೆ. ಎಷ್ಟು ಖರ್ಚು ಮಾಡ್ಲಿ?

ಉತ್ತರ: ಮೊದ್ಲು ನಂಬರ್ ಹೇಳಿಬಿಡ್ತೀನಿ, ಅದು ಎಲ್ಲಿಂದ ಬಂತು ಅಂತ ಆಮೇಲೆ ನೋಡೋಣ. ಗಿಫ್ಟ್‌ಗೆ 1,000ದಿಂದ 1,500 ರೂಪಾಯಿ. ಅವತ್ತಿನ ಊಟ, ಕೇಕು, ಹೂವು, ಆಟೋ ಎಲ್ಲಾ ಸೇರಿಸಿ ಇಡೀ ದಿನಕ್ಕೆ 2,500 ದಾಟೋದು ಬೇಡ. ವಾಚ್ ಈಗ ಬೇಡ. ಚಾಕ್ಲೇಟ್ ಒಂದೇ ಕೊಟ್ಟು ಕೈ ತೊಳ್ಕೊಳೋದೂ ಬೇಡ.

ಈ ಲೆಕ್ಕಕ್ಕೆ ನಾನು ನಿಮ್ಮ ಸಂಬಳ ನೋಡ್ಲಿಲ್ಲ. ತುಂಬಾ ಜನ ಅಲ್ಲೇ ಎಡವೋದು, ಸಂಬಳದಲ್ಲಿ ಹತ್ತು ಪರ್ಸೆಂಟು ಹದಿನೈದು ಪರ್ಸೆಂಟು ಅಂತ ಲೆಕ್ಕ ಹಾಕಿ ಅದೇ ಪ್ರೀತಿಯ ಅಳತೆ ಅಂದ್ಕೋತಾರೆ. ನಾನು ನೋಡಿದ್ದು ನೀವು ಮಾಮೂಲಿಯಾಗಿ ಇಬ್ರೂ ಸೇರಿ ಹೊರಗೆ ಹೋದಾಗ ಆಗೋ ಬಿಲ್. ಯಾಕಂದ್ರೆ 700-800 ಅನ್ನೋದು ನೀವಿಬ್ರೂ ಕೂತು ಮಾತಾಡಿ ಫಿಕ್ಸ್ ಮಾಡಿದ್ದಲ್ಲ, ಮೂರು ತಿಂಗಳಲ್ಲಿ ತಾನಾಗೇ ಬಂದು ನಿಂತಿರೋ ಮಟ್ಟ. ಅವರು ಯಾವ ಹೋಟ್ಲಿಗೆ ಹೋಗೋಣ ಅಂತಾರೆ, ಮೆನು ನೋಡಿ ಯಾವುದನ್ನ ಬೇಡ ಅಂತಾರೆ, ತಮ್ಮ ಸರದಿ ಬಂದಾಗ ಎಷ್ಟರ ಬಿಲ್ಲನ್ನ ಸಲೀಸಾಗಿ ಕೊಡ್ತಾರೆ, ಇದೆಲ್ಲ ಸೇರಿ ಆಗಿರೋ ಮಟ್ಟ ಅದು. ಮೊದಲ ನಾಲ್ಕೈದು ತಿಂಗಳಲ್ಲಿ ಗಿಫ್ಟ್ ಅದರ ಒಂದೂವರೆಯಿಂದ ಎರಡು ಪಟ್ಟು ಇದ್ರೆ ಅವತ್ತು ವಿಶೇಷ ದಿನ ಅನ್ನೋದೂ ಗೊತ್ತಾಗತ್ತೆ, ಇಬ್ರ ಮಧ್ಯೆ ಇರೋ ಸಮತೋಲನನೂ ಕೆಡಲ್ಲ. 750ಕ್ಕೆ ಆ ಲೆಕ್ಕ ಹಾಕಿದ್ರೆ 1,100ರಿಂದ 1,500, ನಾನು ಹೇಳಿದ ನಂಬರ್ ಅಲ್ಲಿಂದಲೇ ಬಂದಿದ್ದು. ಇದು ಯಾವುದೋ ಶಾಸ್ತ್ರದಲ್ಲಿ ಬರೆದಿರೋ ನಿಯಮ ಅಲ್ಲ, ಜೋಡಿಗಳ ಜೊತೆ ಕೂತು ಮಾತಾಡ್ತಾ ಮಾತಾಡ್ತಾ ನಂಗೆ ಕೆಲಸಕ್ಕೆ ಬಂದಿರೋ ಅಂದಾಜು.

ಒಂದು ಕೆಲಸ ಮಾಡಿ. ನಿಮ್ಮ ಯುಪಿಐ ಹಿಸ್ಟರಿ ತೆಗೆದು ಕಳೆದ ಆರೇಳು ಭೇಟಿಗಳದ್ದು ಬರೆದಿಡಿ, ಅವರು ಕೊಟ್ಟಿದ್ದು ನೆನಪಿದ್ರೆ ಅದನ್ನೂ ಸೇರಿಸಿ. ಎಲ್ಲಕ್ಕಿಂತ ದೊಡ್ಡದನ್ನ ಬಿಡಿ, ಚಿಕ್ಕದನ್ನೂ ಬಿಡಿ, ಮಧ್ಯದಲ್ಲಿ ಉಳಿಯೋದೇ ನಿಮ್ಮ ಮಾಮೂಲಿ. ಮೊದಲ ಭೇಟಿಗಳಲ್ಲಿ ಇಂಪ್ರೆಸ್ ಮಾಡೋಕೆ ಅಂತ ಯಾವುದಾದ್ರೂ ರೂಫ್‌ಟಾಪ್‌ಗೆ ಕರ್ಕೊಂಡು ಹೋಗಿದ್ರೆ ಅದನ್ನ ಲೆಕ್ಕಕ್ಕೆ ತಗೋಬೇಡಿ, ಅದು ನಿಮ್ಮಿಬ್ರ ಮಟ್ಟ ಅಲ್ಲ, ನಿಮ್ಮೊಬ್ರದ್ದು.

ಈಗ ಜಾಸ್ತಿ ಆದ್ರೆ ಏನಾಗತ್ತೆ ಅನ್ನೋದಕ್ಕೆ ಬರೋಣ, ಮುಖ್ಯ ವಿಷಯ ಇರೋದು ಇಲ್ಲೇ. 9,000 ಅಂದ್ರೆ ನಿಮ್ಮ ಸಂಬಳದಲ್ಲಿ ಆರನೇ ಒಂದು ಭಾಗಕ್ಕಿಂತ ಸ್ವಲ್ಪ ಕಮ್ಮಿ. ಅವರ ಸಂಬಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಕೊಡೋವಾಗ ನಿಮ್ಮ ಕಣ್ಣಿಗೆ ಕಾಣೋದು ಮೊದಲನೇ ಲೆಕ್ಕ, ತಗೊಳೋವಾಗ ಅವರ ತಲೇಲಿ ಓಡೋದು ಎರಡನೇದು. ನಮ್ಮ ಮದುವೆ ಮನೆಗಳಲ್ಲಿ ಮುಯ್ಯಿ ಬರೆಯೋಕೆ ಅಂತಲೇ ಒಬ್ರು ನೋಟ್‌ಬುಕ್ ಹಿಡ್ಕೊಂಡು ಕೂತಿರ್ತಾರಲ್ಲ, ಯಾರು ಎಷ್ಟು ಕೊಟ್ರು ಅಂತ ಬರೆದಿಟ್ಟು ನಾಳೆ ಅವರ ಮನೆ ಕಾರ್ಯಕ್ಕೆ ಅಷ್ಟು, ಕೈಲಾದ್ರೆ ಸ್ವಲ್ಪ ಮೇಲೇನೇ ಇಡ್ತಾರೆ. ಆ ಸಂಸ್ಕಾರದಲ್ಲೇ ಬೆಳೆದಿರೋ ಹುಡುಗಿಗೆ ಬರ್ತ್‌ಡೇ ಗಿಫ್ಟ್ ಅಂದ್ರೂ ಅದು ವಾಪಸ್ ಮಾಡ್ಬೇಕಾದ್ದೇ. ನೀವು "ಏನೂ ವಾಪಸ್ ಬೇಡ" ಅಂತ ಎಷ್ಟೇ ಮನಸಾರೆ ಹೇಳಿದ್ರೂ ಅವರ ತಲೇಲಿ ಆ ನೋಟ್‌ಬುಕ್ ತೆರೆದೇ ಇರತ್ತೆ. ಮುಂದಿನ ಸಲ ನಿಮ್ಗೆ ಅವರು 9,000ದ್ದು ಕೊಡೋಕೆ ಆಗಲ್ಲ, 400ರ ಪುಸ್ತಕ ಕೊಡೋಕೆ ಈಗ ಮನಸ್ಸು ಒಪ್ಪಲ್ಲ. ಹೋದ್ಸಲ ಅವರು ಖುಷಿಯಾಗಿ ಕೂತು ಪೇಂಟ್ ಮಾಡಿ ಕೊಟ್ಟ ಬುಕ್‌ಮಾರ್ಕು ಒಂದೇ ಏಟಿಗೆ ಚಿಕ್ಕದಾಗಿಬಿಡತ್ತೆ. ನಂಗೆ ಅದೇ ಎಲ್ಲಕ್ಕಿಂತ ಬೇಜಾರಿನ ವಿಷಯ.

ನನ್ನ ಹತ್ರ ಬಂದಿದ್ದ ಒಬ್ಬ ಹುಡುಗಿ ಪಿಜಿಲಿ ಇದ್ಕೊಂಡು ಕೆಲಸ ಮಾಡ್ತಿದ್ರು. ಪರಿಚಯ ಆಗಿ ಎರಡು ತಿಂಗಳೂ ಆಗಿರ್ಲಿಲ್ಲ, ಹುಡುಗ ಅವರಿಗೆ ಹೊಸ ಫೋನ್ ಕೊಟ್ಟಿದ್ದ. ಹುಡುಗ ಒಳ್ಳೆಯವನೇ, ಪ್ರೀತಿಯಿಂದಲೇ ಕೊಟ್ಟಿದ್ದು. ಅವರು ಆ ಫೋನನ್ನ ಬಾಕ್ಸ್ ಸಮೇತ ಬೀರುವಲ್ಲಿಟ್ಟು ಹಳೇ ಫೋನನ್ನೇ ಬಳಸ್ತಿದ್ರು, ಊರಿಗೆ ಹೋದಾಗ ಅಮ್ಮ ಕೇಳಿದ್ರೆ ಏನು ಹೇಳೋದು ಅಂತ. ಅವನ ಬರ್ತ್‌ಡೇ ಬಂದಾಗ ರೂಮ್‌ಮೇಟ್ ಹತ್ರ ಸಾಲ ಮಾಡಿ ಬ್ರ್ಯಾಂಡೆಡ್ ಶೂ ತಗೊಟ್ರು. ಆಮೇಲೆ ನಂಗೆ ಹೇಳಿದ್ದು, "ಅವನು ಇಷ್ಟನಾ ಇಲ್ವಾ ಅಂತ ಯೋಚನೆ ಮಾಡೋಕೇ ಆಗ್ತಿಲ್ಲ ಮೇಡಂ, ಈಗ ಬೇಡ ಅಂದ್ರೆ ಫೋನ್ ತಗೊಂಡು ಮೋಸ ಮಾಡಿದ ಹಾಗಾಗತ್ತೆ." ಮೂರು ತಿಂಗಳು ಅಂದ್ರೆ ಇಬ್ರೂ ಇನ್ನೂ ಒಬ್ರನ್ನೊಬ್ರು ನೋಡ್ತಾ ಇರೋ ಕಾಲ, ಬೇಡ ಅನ್ನೋ ದಾರಿ ಇಬ್ರಿಗೂ ತೆರೆದಿರ್ಬೇಕು. ದೊಡ್ಡ ಗಿಫ್ಟು ಆ ದಾರಿಗೆ ಅಡ್ಡ ಬರತ್ತೆ, ಕೊಟ್ಟವರಿಗೆ ಆ ಉದ್ದೇಶ ಇಲ್ದಿದ್ರೂ ಬರತ್ತೆ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ, ಅವರು ಅಪ್ಪ ಅಮ್ಮನ ಜೊತೆ ಇರೋದು. ಮನೇಲಿ ನಿಮ್ಮ ವಿಷಯ ಗೊತ್ತಿಲ್ಲ ಅಂತಲೇ ಇಟ್ಕೊಳೋಣ. ಕೈಗೆ ಹೊಸ ಸ್ಮಾರ್ಟ್‌ವಾಚ್ ಬಂದ್ರೆ ಎರಡನೇ ದಿನಕ್ಕೇ "ಎಲ್ಲಿಂದ ಬಂತಮ್ಮ ಇದು?" ಅನ್ನೋ ಪ್ರಶ್ನೆ ಬರತ್ತೆ. ಆಗ ಸುಳ್ಳು ಹೇಳ್ಬೇಕು, ಇಲ್ಲ ಮನೆ ತಲುಪೋ ಮುಂಚೆ ಬಿಚ್ಚಿ ಬ್ಯಾಗಿಗೆ ಹಾಕ್ಕೋಬೇಕು. ನೀವು ಕೊಟ್ಟ ವಸ್ತುನ ಅವರು ದಿನಾ ಬಚ್ಚಿಡೋ ಹಾಗೆ ಆಗ್ಬಾರ್ದಲ್ವಾ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಯಾವುದೇ ಗಿಫ್ಟ್ ಆಗ್ಲಿ, "ಫ್ರೆಂಡ್ ಕೊಟ್ಟಿದ್ದು" ಅಂತ ಮನೇಲಿ ಮುಜುಗರ ಇಲ್ದೆ ಹೇಳೋಕೆ ಆಗತ್ತಾ ಅಂತ ಕೇಳ್ಕೊಳ್ಳಿ. ಆಗಲ್ಲ ಅಂದ್ರೆ ಬೆಲೆ ಎಷ್ಟೇ ಇರ್ಲಿ ಅದು ಜಾಸ್ತಿನೇ. ಬೆಳ್ಳಿ ಗೆಜ್ಜೆ, ಉಂಗುರ, ಸೀರೆ ಇವೆಲ್ಲ ಇದೇ ಕಾರಣಕ್ಕೆ ಈಗ ಬೇಡ, 1,500ಕ್ಕೇ ಚೆನ್ನಾಗಿರೋದು ಸಿಕ್ರೂ ಬೇಡ. ಮೈಮೇಲೆ ಹಾಕ್ಕೊಳೋ ಆಭರಣಕ್ಕೆ, ಸೀರೆಗೆ ನಮ್ಮಲ್ಲಿ ರೇಟಿಗಿಂತ ದೊಡ್ಡ ಅರ್ಥ ಇದೆ, ಅದನ್ನ ಮನೆಯವರೂ ಓದ್ತಾರೆ ಅವರೂ ಓದ್ತಾರೆ.

ಕಮ್ಮಿ ಆದ್ರೆ ಅನ್ನೋ ಭಯಕ್ಕೆ ಈಗ ಬರೋಣ. ಇಲ್ಲಿ ನಿಮ್ಗೆ ಸಮಾಧಾನ ಆಗೋ ವಿಷಯ ಇದೆ. 2009ರಲ್ಲಿ ಫ್ರಾನ್ಸಿಸ್ ಫ್ಲಿನ್, ಗೇಬ್ರಿಯೆಲ್ ಆಡಮ್ಸ್ ಅನ್ನೋ ಅಮೆರಿಕದ ಇಬ್ರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದ್ರು, ಕೊಟ್ಟವರಿಗೆ ಏನನ್ಸತ್ತೆ ತಗೊಂಡವರಿಗೆ ಏನನ್ಸತ್ತೆ ಅಂತ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದು. ಕೊಟ್ಟವರು ರೇಟ್ ಜಾಸ್ತಿ ಇದ್ದಷ್ಟೂ ತಗೊಳೋರಿಗೆ ಖುಷಿ ಜಾಸ್ತಿ ಅಂದ್ಕೊಂಡಿದ್ರು. ತಗೊಂಡವರಲ್ಲಿ ಆ ಸಂಬಂಧವೇ ಕಾಣ್ಲಿಲ್ಲ, ಎಂಗೇಜ್‌ಮೆಂಟ್ ಉಂಗುರದಲ್ಲೂ ಹಾಗೇ. ಇದು ಅಮೆರಿಕದ್ದು, ನಮ್ಮ ಮುಯ್ಯಿ ಲೆಕ್ಕ ಅಲ್ಲಿಲ್ಲ, ಹಾಗಾಗಿ ರೇಟಿಗೆ ಬೆಲೆನೇ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ನೀವು ಅಂಗಡೀಲಿ ನಿಂತು "ಇನ್ನೊಂದು ಸಾವಿರ ಹಾಕಿದ್ರೆ ಅವಳಿಗೆ ಇನ್ನೂ ಖುಷಿಯಾಗತ್ತೆ" ಅಂದ್ಕೋತೀರಲ್ಲ, ಆ ಯೋಚನೆ ಕೊಡೋರ ಕಡೆಯಿಂದ ಮಾತ್ರ ಬರೋದು ಅಂತ ನೆನಪಿಟ್ಕೊಳ್ಳಿ.

ಹಾಗಂತ ಕೆಳಗಡೆ ಒಂದು ಗೆರೆ ಇದ್ದೇ ಇದೆ. ಅವರು ನಿಮ್ಗೆ ಕೊಟ್ಟಿದ್ದಕ್ಕಿಂತ ಕೆಳಗೆ ಇಳೀಬಾರ್ದು, ಮತ್ತೆ ಆ ಲೆಕ್ಕ ಹಾಕೋವಾಗ ಪುಸ್ತಕದ ಹಿಂದೆ ಪ್ರಿಂಟ್ ಆಗಿರೋ ರೇಟ್ ಒಂದನ್ನೇ ನೋಡ್ಬಾರ್ದು. ಬುಕ್‌ಮಾರ್ಕ್ ಮಾಡೋಕೆ ಅವರು ಕೂತ ಹೊತ್ತೂ ಅದ್ರಲ್ಲಿದೆ. ಒಂದು ಪದರ ಬಣ್ಣ ಹಚ್ಚಿ ಅದು ಒಣಗೋವರೆಗೂ ಕಾದು ಮೇಲೆ ಇನ್ನೊಂದು ಹಚ್ಚೋದು ವಾಟರ್‌ಕಲರ್, ಸ್ಕೂಲ್ ಕೆಲಸ ಮುಗಿಸಿ ಬಂದು ಅದನ್ನ ಮಾಡಿದಾರೆ. ನೀವು ದಾರೀಲಿ ಬರ್ತಾ ಒಂದು ಚಾಕ್ಲೇಟ್ ಬಾಕ್ಸ್ ಹಿಡ್ಕೊಂಡು ಹೋದ್ರೆ ಅವರಿಗೆ ಕಮ್ಮಿ ಅನ್ಸೋದು ಅದರ ರೇಟಿಗಲ್ಲ, ನೀವು ಅವರ ಬಗ್ಗೆ ಐದು ನಿಮಿಷನೂ ಯೋಚನೆ ಮಾಡಿಲ್ಲ ಅಂತ ಕಾಣ್ಸೋದಕ್ಕೆ. ಟೆಡ್ಡಿ ಬೇರು, ಫೋಟೋ ಪ್ರಿಂಟ್ ಮಾಡ್ಸಿದ ಮಗ್ಗು, ಆನ್‌ಲೈನಲ್ಲಿ "ಗಿಫ್ಟ್ ಫಾರ್ ಹರ್" ಅಂತ ಹುಡುಕಿದ ತಕ್ಷಣ ಬರೋ ಕಾಂಬೋ ಬಾಕ್ಸು ಇವಕ್ಕೂ ಅದೇ ತೊಂದರೆ, ಯಾರಿಗೆ ಬೇಕಾದ್ರೂ ಕೊಡ್ಬಹುದು.

ಸರಿ, 1,000-1,500ರಲ್ಲಿ ಏನು ತಗೋಬೇಕು, ಅದು ಕಮ್ಮಿ ಅಂತ ಅನ್ಸದೇ ಇರೋ ಹಾಗೆ? ಇದಕ್ಕೆ ಒಂದು ಒಳ್ಳೇ ಉಪಾಯ ಇದೆ. 1998ರಲ್ಲಿ ಶಿಕಾಗೋ ಯೂನಿವರ್ಸಿಟಿಯ ಕ್ರಿಸ್ಟೋಫರ್ ಶೀ ಅನ್ನೋರು ಜನರ ಹತ್ರ ಹೀಗೆ ಕೇಳಿದ್ರು: ನಿಮ್ಗೆ ಒಬ್ಬ ಫ್ರೆಂಡು 45 ಡಾಲರಿನ ಉಣ್ಣೆ ಸ್ಕಾರ್ಫ್ ಕೊಟ್ರು, ಆ ಅಂಗಡೀಲಿ ಸ್ಕಾರ್ಫುಗಳು 5ರಿಂದ 50 ಡಾಲರ್. ಇನ್ನು ಕೆಲವರಿಗೆ, 55 ಡಾಲರಿನ ಉಣ್ಣೆ ಕೋಟು ಕೊಟ್ರು, ಅಲ್ಲಿ ಕೋಟುಗಳು 50ರಿಂದ 500 ಡಾಲರ್. ಕೋಟಿಗೆ ಹತ್ತು ಡಾಲರ್ ಜಾಸ್ತಿ ಹೋಗಿದೆ, ಆದ್ರೂ ಸ್ಕಾರ್ಫ್ ಕೊಟ್ಟವರೇ ಧಾರಾಳಿ ಅಂತ ಜನ ಹೇಳಿದ್ರು. ಕಾರಣ ಸುಲಭ. ಸ್ಕಾರ್ಫುಗಳಲ್ಲಿ ಅದು ಹೆಚ್ಚುಕಮ್ಮಿ ಎಲ್ಲಕ್ಕಿಂತ ಒಳ್ಳೇದು, ಕೋಟುಗಳಲ್ಲಿ ಇದು ಹೆಚ್ಚುಕಮ್ಮಿ ಎಲ್ಲಕ್ಕಿಂತ ಅಗ್ಗದ್ದು. ತಗೊಳೋರು ಆ ವಸ್ತುನ ಅದರ ಜಾತಿಯ ಬೇರೆ ವಸ್ತುಗಳ ಜೊತೆನೇ ಹೋಲಿಸಿ ನೋಡೋದು.

ಅಂದ್ರೆ ನಿಮ್ಮ 1,200 ರೂಪಾಯಿನ ವಾಚು, ಪರ್ಫ್ಯೂಮು, ಹ್ಯಾಂಡ್‌ಬ್ಯಾಗು, ಇಯರ್‌ಬಡ್ಸು ಈ ಕಡೆ ಹಾಕಿದ್ರೆ ಅಲ್ಲಿ ಸಿಗೋದು ಸಾಧಾರಣ ಮಾಲು, ಒಂದೆರಡು ತಿಂಗಳಲ್ಲೇ ಬಣ್ಣ ಬಿಡತ್ತೆ ಇಲ್ಲ ಜಿಪ್ ಹೋಗತ್ತೆ. ಅದೇ ದುಡ್ಡನ್ನ ಚಿಕ್ಕ ವಸ್ತುಗಳ ಕಡೆ ಹಾಕಿ, ಆ ಜಾತೀಲಿ ಒಳ್ಳೇದೇ ಸಿಗತ್ತೆ. ನಿಮ್ಮ ಪ್ರಶ್ನೇಲೇ ನಂಗೆ ಉತ್ತರ ಕಾಣ್ತಿದೆ, ಅವರು ವಾಟರ್‌ಕಲರ್ ಮಾಡ್ತಾರೆ. ಹವ್ಯಾಸಕ್ಕೆ ಪೇಂಟ್ ಮಾಡೋರಲ್ಲಿ ತುಂಬಾ ಜನ ಬಣ್ಣಕ್ಕೆ ಖರ್ಚು ಮಾಡ್ತಾರೆ, ಪೇಪರ್ ಮಾತ್ರ ಹತ್ತಿರದ ಸ್ಟೇಷನರಿ ಅಂಗಡೀದೇ. ಮಾಮೂಲಿ ಡ್ರಾಯಿಂಗ್ ಶೀಟು ಮರದ ತಿರುಳಿನದ್ದು, ನೀರು ಬಿದ್ದ ತಕ್ಷಣ ಅಲೆ ಅಲೆಯಾಗಿ ಬಾಗತ್ತೆ, ಬಣ್ಣ ಗುಂಡೀಲಿ ಹೋಗಿ ನಿಲ್ಲತ್ತೆ, ಎರಡನೇ ಪದರ ಹಚ್ಚೋಕೆ ಹೋದ್ರೆ ಮೊದಲನೇದು ಎದ್ದು ಬರತ್ತೆ. ನೂರಕ್ಕೆ ನೂರು ಹತ್ತಿಯ ಪೇಪರ್ ಅಂತ ಬರತ್ತೆ, 300 ಜಿಎಸ್ಎಂ ದಪ್ಪದ್ದು. ಅದು ನೀರನ್ನ ಒಳಗೆ ಹಿಡ್ಕೊಂಡು ನಿಧಾನಕ್ಕೆ ಒಣಗತ್ತೆ, ಅದ್ರಿಂದ ಒಂದು ಬಣ್ಣ ಇನ್ನೊಂದಕ್ಕೆ ಮೆತ್ತಗೆ ಬೆರೆಯೋಕೆ ಟೈಮ್ ಸಿಗತ್ತೆ. ಕಲಿಯೋರು ಅದನ್ನ ತಮಗೇ ಅಂತ ತಗೊಳೋದು ಕಮ್ಮಿ, ಒಂದು ಹಾಳೆಗೆ ಇಷ್ಟಾ ಅಂತ ಕೈ ಹಿಂದೆ ಹೋಗತ್ತೆ. ಅದೇ ಕಾರಣಕ್ಕೆ ಗಿಫ್ಟ್‌ಗೆ ಸರಿಯಾದ್ದು. ಬ್ರ್ಯಾಂಡು ಸೈಜಿನ ಮೇಲೆ ರೇಟ್ ಬದಲಾಗತ್ತೆ, ಆದ್ರೆ ಸಾವಿರದ ಆಸುಪಾಸಲ್ಲಿ ಒಂದು ಚಿಕ್ಕ ಪ್ಯಾಡ್ ಬರತ್ತೆ, ಉಳಿದಿದ್ರಲ್ಲಿ ಒಂದು ಒಳ್ಳೇ ರೌಂಡ್ ಬ್ರಷ್ ಸೇರಿಸ್ಬಹುದು. ಮನೇಲಿ ಯಾರಾದ್ರೂ ನೋಡಿದ್ರೂ ಅದು ಪೇಪರ್ರು, ಬ್ರಷ್ಷು.

ಆದ್ರೆ ತಗೊಳೋ ಮುಂಚೆ ಒಂದ್ಸಲ ತಿಳ್ಕೊಳ್ಳಿ. ಬುಕ್‌ಮಾರ್ಕ್ ಮಾತೆತ್ತಿ "ಇದಕ್ಕೆ ಯಾವ ಪೇಪರ್ ಬಳಸಿದ್ರಿ, ಇಷ್ಟು ದಪ್ಪ ಇದೆ" ಅಂತ ಕೇಳಿ (ನೀವು ಹೋಗು ಬಾ ಅಂತ ಮಾತಾಡೋರಾದ್ರೆ ಹಾಗೇ), ಅವರೇ ಹೇಳ್ತಾರೆ. ಈಗಾಗ್ಲೇ ಹತ್ತಿ ಪೇಪರೇ ಬಳಸ್ತಿದ್ರೆ ಅದೇ ಬ್ರ್ಯಾಂಡಿನ ದೊಡ್ಡ ಸೈಜ್ ತಗೊಳ್ಳಿ, ಇಲ್ಲ ಬ್ರಷ್ ಕಡೆ ಹೋಗಿ. ಪ್ಯಾಡಿನ ಮೇಲೆ 300 ಜಿಎಸ್ಎಂ ಅಂತ ಮಾತ್ರ ಬರೆದಿದ್ರೆ ಸಾಲದು, ಹತ್ತಿ ನೂರು ಪರ್ಸೆಂಟ್ ಅಂತನೂ ಬರೆದಿರ್ಬೇಕು, ಯಾಕಂದ್ರೆ ಮರದ ತಿರುಳಿನದ್ದೂ ಅದೇ ದಪ್ಪದಲ್ಲಿ ಬರತ್ತೆ. ಒಂದ್ವೇಳೆ ಅವರು ಮಾತಿನ ಮಧ್ಯೆ "ಇದೊಂದು ಬೇಕಿತ್ತು ನಂಗೆ" ಅಂತ ಈ ಬಜೆಟ್ಟಿನ ವಸ್ತು ಯಾವುದನ್ನಾದ್ರೂ ಹೇಳಿದ್ರೆ ನನ್ನ ಐಡಿಯಾ ಬಿಟ್ಟು ಅದನ್ನೇ ತಗೊಡಿ. ಸರ್ಪ್ರೈಸ್ ಹೋಯ್ತಲ್ಲ ಅನ್ನೋ ಚಿಂತೆ ಬೇಡ, ಹೇಳಿದ್ದನ್ನ ನೀವು ನೆನಪಿಟ್ಕೊಂಡ್ರಿ ಅನ್ನೋದೇ ಸರ್ಪ್ರೈಸು.

ಮಿಕ್ಕ ದಿನದ ಬಗ್ಗೆ. ಗಿಫ್ಟ್ 1,200ಕ್ಕೆ ನಿಲ್ಲಿಸಿ, ಮೇಲೆ 3,000ದ ಡಿನ್ನರು, 900ರ ಕೇಕು, ಬೊಕೆ ಅಂತ ಹೋದ್ರೆ ಅವರ ತಲೇಲಿ ಕೂಡೋದು ಒಟ್ಟು ಮೊತ್ತವೇ. ಊಟ ನೀವು ಮಾಮೂಲಿ ಹೋಗೋದಕ್ಕಿಂತ ಒಂದು ಮೆಟ್ಟಿಲು ಮೇಲಿರ್ಲಿ ಸಾಕು, ಇಬ್ರಿಗೆ ಸಾವಿರದ ಒಳಗೆ. ಸ್ಕೂಲಿಗೆ ಬೊಕೆ, ಕೇಕ್ ಕಳಿಸೋ ಯೋಚನೆ ಇದ್ರೆ ದಯವಿಟ್ಟು ಕೈಬಿಡಿ. ಸ್ಟಾಫ್ ರೂಮಲ್ಲಿ ಎಲ್ಲರೂ ಯಾರದು ಯಾರದು ಅಂತ ಕೇಳ್ತಾರೆ, ಅದಕ್ಕೆ ಉತ್ತರ ಕೊಡ್ಬೇಕಾದವರು ಅವರು. ಊಟದ ಬಿಲ್ಲಿಗೆ ಅವರು ಕೈ ಹಾಕಿದ್ರೆ "ಇವತ್ತು ನಂದು, ಮುಂದಿನ ವಾರ ನಿಮ್ದು" ಅನ್ನಿ, ಮುಂದಿನ ವಾರ ನಿಜವಾಗ್ಲೂ ಕೊಡೋಕೆ ಬಿಡಿ. ಅದು ಸಣ್ಣ ವಿಷಯ ಅನ್ಸ್ಬಹುದು, ಆದ್ರೆ ಸರದಿ ತಪ್ಪದೇ ಇರೋದ್ರಿಂದಲೇ ಅವರು ನಿಮ್ಮ ಜೊತೆ ಆರಾಮಾಗಿದಾರೆ ಅಂತ ನಂಗನ್ಸತ್ತೆ.

ಕೊಡೋವಾಗ ರೇಟ್ ಸ್ಟಿಕ್ಕರ್ ತೆಗೀರಿ, ಬಿಲ್ ನಿಮ್ಮ ಹತ್ರ ಇಟ್ಕೊಳ್ಳಿ. ಜೊತೆಗೆ ಎರಡು ಸಾಲು ಕೈಯಲ್ಲಿ ಬರೆದಿಡಿ, ದೊಡ್ಡ ಪ್ರೇಮಪತ್ರ ಬೇಡ, ಬುಕ್‌ಮಾರ್ಕ್ ಈಗ ಯಾವ ಪುಸ್ತಕದ ಎಷ್ಟನೇ ಪುಟದಲ್ಲಿದೆ ಅಂತ ಬರೆದ್ರೂ ಸಾಕು. ಎಷ್ಟಾಯ್ತು ಅಂತ ಕೇಳಿದ್ರೆ ಸುಳ್ಳು ಹೇಳ್ಬೇಡಿ, "ನಾವಿಬ್ರೂ ಒಂದೆರಡು ಸಲ ಹೊರಗೆ ಹೋದಷ್ಟು" ಅಂದ್ಬಿಡಿ, ಆ ಮೊತ್ತ ಅವರಿಗೆ ಗೊತ್ತಿರೋದೇ.

ಆಮೇಲೆ ಗಮನಿಸ್ಬೇಕಾದ್ದು ಇದೆ. ಜಾಸ್ತಿ ಆಗಿದ್ರೆ ಹೆಚ್ಚಿನವರು ಬಾಯಿಬಿಟ್ಟು ಹೇಳಲ್ಲ. "ಯಾಕೆ ಇಷ್ಟೆಲ್ಲಾ" ಅಂತ ಒಂದ್ಸಲ ಅಂದ್ರೆ ಅದು ಸಂಕೋಚ, ಮೂರು ನಾಲ್ಕು ಸಲ ಅಂದ್ರೆ ನಿಜವಾಗ್ಲೂ ಭಾರ ಆಗಿದೆ. ವಾರದೊಳಗೆ ಕಾರಣನೇ ಇಲ್ದೆ ಅಷ್ಟೇ ಬೆಲೆಯದ್ದೇನಾದ್ರೂ ನಿಮ್ಗೆ ತಗೊಟ್ರೆ ಲೆಕ್ಕ ಚುಕ್ತಾ ಮಾಡಿದಾರೆ ಅಂತ ಅರ್ಥ. ಮುಂದಿನ ನಾಲ್ಕೈದು ಭೇಟಿಗಳಲ್ಲಿ ಎಲ್ಲಾ ಬಿಲ್ಲೂ ತಾವೇ ಕೊಡೋಕೆ ಹೊರಟ್ರೂ ಅದೇ. ಹಾಗಾದ್ರೆ ಮಾತು ಬೆಳೆಸ್ಬೇಡಿ, ಮುಂದಿನ ಸಂದರ್ಭಕ್ಕೆ ಅರ್ಧಕ್ಕೆ ಇಳಿಸಿ, ಇಲ್ಲ "ಹಬ್ಬಕ್ಕೆ ಇಬ್ರೂ 500 ದಾಟೋದು ಬೇಡ" ಅಂತ ನೀವೇ ಮೊದ್ಲು ಹೇಳಿ. ಅದನ್ನ ಜಾಸ್ತಿ ಸಂಬಳ ಇರೋರು ಹೇಳಿದ್ರೆ ಕಮ್ಮಿ ಇರೋರಿಗೆ ನಿರಾಳ ಆಗತ್ತೆ.

ಕಮ್ಮಿ ಆಗಿದ್ರೆ ಗೊತ್ತಾಗೋದು ಬೇರೆ ಥರ. ಥ್ಯಾಂಕ್ಸ್ ಹೇಳಿ ಪಕ್ಕಕ್ಕಿಟ್ಟು, ಆಮೇಲೆ ಅದರ ಮಾತೇ ಬರ್ಲಿಲ್ಲ ಅಂದ್ರೆ ವಸ್ತು ಆರಿಸೋದ್ರಲ್ಲಿ ತಪ್ಪಿದೆ. ಅದಕ್ಕೆ ಇನ್ನಷ್ಟು ದುಡ್ಡು ಸುರಿದು ಸರಿಮಾಡೋಕೆ ಹೋಗ್ಬೇಡಿ, ಅವರ ಮಾತನ್ನ ಇನ್ನೂ ಸ್ವಲ್ಪ ಕೇಳಿ.

ಈ ಲೆಕ್ಕ ಮೊದಲ ನಾಲ್ಕೈದು ತಿಂಗಳಿಗೆ ಮಾತ್ರ. ಮನೆಯವರಿಗೆ ಗೊತ್ತಾಗಿ, ಇಬ್ರೂ ಮುಂದಿನ ವರ್ಷದ ಬಗ್ಗೆ ಮಾತಾಡೋ ಹಂತಕ್ಕೆ ಬಂದ್ಮೇಲೆ ವಾಚ್ ಕೊಡಿ, ಗೆಜ್ಜೆನೂ ಕೊಡಿ, ಆಗ ಅದು ಮನೇಲಿ ಎಲ್ಲರ ಮುಂದೆ ಹಾಕ್ಕೊಳೋ ವಸ್ತು ಆಗಿರತ್ತೆ. ಸದ್ಯಕ್ಕೆ ಪೇಪರ್ ಪ್ಯಾಡನ್ನ ಎರಡು ವಾರ ಮುಂಚೆನೇ ಆರ್ಡರ್ ಮಾಡಿ, ಇಂಥ ಪ್ಯಾಡು ಎಲ್ಲಾ ಸ್ಟೇಷನರಿ ಅಂಗಡೀಲೂ ಇರಲ್ಲ, ಆರ್ಟ್ ಸಾಮಾನು ಮಾರೋ ಅಂಗಡೀಲೇ ಕೇಳ್ಬೇಕು. ಕೊರಿಯರಲ್ಲಿ ಮೂಲೆ ಮಡಚ್ಕೊಂಡು ಬಂದ್ರೆ ಬದಲಾಯಿಸೋಕೂ ಟೈಮ್ ಬೇಕಾಗತ್ತೆ.